ಸಾಫ್ಟ್‌ನರ್‌ನ ಲೆಕ್ಕ ಉಪ್ಪಿನಲ್ಲಿದೆ: 25 ಲೀಟರ್ ರೆಸಿನ್, 420 ಪಿಪಿಎಂ ಬೋರ್‌ವೆಲ್ ನೀರು

ನಮ್ಮ ಕಡೆ ಬೋರ್‌ವೆಲ್ ನೀರಿಗೆ ‘ಉಪ್ಪು ನೀರು’ ಅಂತಾರೆ. ಅದರಲ್ಲಿರೋದು ಮುಖ್ಯವಾಗಿ ಉಪ್ಪಲ್ಲ, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ತಮಾಷೆ ಏನೆಂದರೆ, ಆ ‘ಉಪ್ಪು ನೀರನ್ನು’ ಸರಿಮಾಡೋಕೆ ನಾವು ಹಾಕೋದು ನಿಜವಾದ ಉಪ್ಪು.

ನಾನು ಪೀಣ್ಯದ ಕಡೆ ಹನ್ನೆರಡು ವರ್ಷ ಸಣ್ಣ ಬಾಯ್ಲರ್‌ಗಳ ನೀರು ನೋಡಿಕೊಳ್ಳುವ ಕೆಲಸ ಮಾಡಿದವನು. ಯಲಹಂಕದ ಹತ್ತಿರ ಮನೆ ಕಟ್ಟಿಸಿದ ಮೇಲೆ ಅದೇ ಕೆಲಸ ಮನೆಗೂ ಬಂತು. ಈ ಬರಹದಲ್ಲಿ, ನೀರಿನ ಗಡಸುತನ ತೆಗೆಯೋಕೆ ನಮ್ಮ ಮನೆಯಲ್ಲಿ ಹಾಕಿಸಿರುವ ಸಾಫ್ಟ್‌ನರ್ ಅನ್ನೇ ಇಟ್ಟುಕೊಂಡು ಲೆಕ್ಕ ಮಾಡಿ ತೋರಿಸುತ್ತೇನೆ. ಕೊನೆಗೆ ಅದೇ ನೀರು ಬಾಯ್ಲರ್‌ಗೆ ಹೋದರೆ ಏನು ಬದಲಾಗುತ್ತದೆ ಅಂತ ನೋಡೋಣ.

ಮೊದಲೇ ಒಂದು ಮಾತು. ಅಂಗಡಿಯಲ್ಲಿ ಕೇಳಿದರೆ ‘ಸಾರ್, ಇದು ಒಂದು ಸಲಕ್ಕೆ ಇಷ್ಟು ಸಾವಿರ ಲೀಟರ್ ಕೊಡುತ್ತೆ’ ಅಂತಾರೆ. ಅದು ಅರ್ಧ ಮಾತು. ಎಷ್ಟು ಉಪ್ಪು ಹಾಕಿದರೆ ಅಷ್ಟು ಲೀಟರ್ ಅಂತ ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಒಳಗೆ ನಡೆಯೋದು ಏನು

ರೆಸಿನ್ ಅಂದರೆ ಸಾಸಿವೆಗಿಂತ ಸಣ್ಣ, ಜೇನುತುಪ್ಪದ ಬಣ್ಣದ ಪ್ಲಾಸ್ಟಿಕ್ ಕಾಳುಗಳು. ಪ್ರತಿ ಕಾಳಿನ ಮೈತುಂಬ ಸೋಡಿಯಂ ಹಿಡಿದುಕೊಂಡ ಜಾಗಗಳಿರುತ್ತವೆ. ಗಡಸು ನೀರು ಹರಿದುಹೋಗುವಾಗ ಕಾಳು ಕ್ಯಾಲ್ಸಿಯಂ, ಮೆಗ್ನೀಷಿಯಂ ಅನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಇದು ಸೋಸುವ ಕೆಲಸವಲ್ಲ, ಅದಲು ಬದಲು. ಸೋಡಿಯಂ ಖಾಲಿಯಾದ ಮೇಲೆ ಗಡಸು ನೀರು ಹಾಗೇ ಹೊರಗೆ ಬರುತ್ತದೆ. ಆಗ ಉಪ್ಪಿನ ನೀರು ಹಾಯಿಸಿ ಕ್ಯಾಲ್ಸಿಯಂ ಅನ್ನು ಕಿತ್ತು ಹೊರಗೆ ಕಳಿಸಬೇಕು. ಅದಕ್ಕೆ ರೀಜನರೇಷನ್ ಅಂತಾರೆ.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ರೆಸಿನ್‌ಗೆ ಸೋಡಿಯಂಗಿಂತ ಕ್ಯಾಲ್ಸಿಯಂ ಮೇಲೇ ಒಲವು ಜಾಸ್ತಿ ಅಂದಮೇಲೆ, ಉಪ್ಪು ಹಾಕಿದಾಗ ಅದು ಕ್ಯಾಲ್ಸಿಯಂ ಬಿಟ್ಟುಕೊಡೋದು ಯಾಕೆ? ಕಾರಣ ಗಾಢತೆ. ತೆಳುವಾದ ನೀರಿನಲ್ಲಿ ಕ್ಯಾಲ್ಸಿಯಂ ಮೇಲಿನ ಒಲವು ತುಂಬಾ ಜಾಸ್ತಿ. ನೀರು ಗಟ್ಟಿ ಉಪ್ಪಿನ ದ್ರಾವಣವಾದಾಗ ಆ ಒಲವು ಕುಗ್ಗಿಬಿಡುತ್ತದೆ, ಸೋಡಿಯಂ ಗುಂಪು ಕಟ್ಟಿಕೊಂಡು ಬಂದು ಜಾಗ ಹಿಡಿಯುತ್ತದೆ. ಅದಕ್ಕೇ ಬ್ರೈನ್, ಅಂದರೆ ಆ ಉಪ್ಪಿನ ದ್ರಾವಣ, ಸುಮಾರು 10% ಇರಬೇಕು. ಅದೇ ಉಪ್ಪನ್ನು ತುಂಬಾ ನೀರಿನಲ್ಲಿ ಕರಗಿಸಿ 2% ಮಾಡಿ ಹಾಯಿಸಿದರೆ ಉಪ್ಪು ಖರ್ಚಾಗುತ್ತದೆ, ರೆಸಿನ್ ಕ್ಯಾಲ್ಸಿಯಂ ಅನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ.

ಹೆಜ್ಜೆ 1: ನಿಮ್ಮ ನೀರಿನ ಗಡಸುತನ ಅಳೆಯಿರಿ

ಟಿಡಿಎಸ್ ಮೀಟರ್ ಪಕ್ಕಕ್ಕಿಡಿ. ಅದು ನೀರಲ್ಲಿ ಕರಗಿದ್ದೆಲ್ಲದರ ಅಂದಾಜು ಕೊಡುತ್ತದೆ, ಅದರಲ್ಲಿ ಗಡಸುತನ ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ. ಸಾಫ್ಟ್‌ನರ್ ಆದಮೇಲೆ ಟಿಡಿಎಸ್ ಇಳಿಯೋದೂ ಇಲ್ಲ, ಒಂಚೂರು ಏರುತ್ತದೆ. ಯಾಕೆಂದರೆ 40 ಗ್ರಾಂ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬಂದು ಕೂರುತ್ತದೆ. ‘ಸಾಫ್ಟ್‌ನರ್ ಹಾಕಿಸಿದೆ, ಟಿಡಿಎಸ್ ಇಳಿದೇ ಇಲ್ಲ, ಮೋಸ’ ಅಂತ ಜಗಳ ಆಡಿದವರನ್ನು ನೋಡಿದ್ದೇನೆ. ಪಾಪ, ಮೆಷಿನ್ನಿನ ತಪ್ಪಿರಲಿಲ್ಲ.

ಬೇಕಾಗಿರೋದು ಗಡಸುತನದ ಟೆಸ್ಟ್ ಕಿಟ್. ಅಳತೆಯ ಬಾಟಲಿಗೆ ನೀರು ತುಂಬಿ, ಅದರ ಬಫರ್ ಮತ್ತು ಬಣ್ಣದ ಪುಡಿ ಹಾಕಿದರೆ ನೀರು ದ್ರಾಕ್ಷಿ ಕೆಂಪಾಗುತ್ತದೆ. ಆಮೇಲೆ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಹಾಕಿ ಕುಲುಕಬೇಕು. ಕೆಂಪು ಪೂರ್ತಿ ಹೋಗಿ ನೀಲಿ ಬಂದಾಗ ನಿಲ್ಲಿಸಿ, ಹನಿಗಳನ್ನು ಕಿಟ್ಟಿನಲ್ಲಿ ಬರೆದಿರುವ ಸಂಖ್ಯೆಯಿಂದ ಗುಣಿಸಿ. ನೇರಳೆ ಬಣ್ಣ ಕಂಡರೆ ಇನ್ನೊಂದೆರಡು ಹನಿ ಬಾಕಿ ಇದೆ ಅಂತ ಅರ್ಥ. ಲ್ಯಾಬಿನಲ್ಲಿ ಮಾಡಿಸಿದರೆ ‘ಒಟ್ಟು ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ’ ಅನ್ನೋ ಸಾಲು ನೋಡಿ. ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆಯೋ ಅದೇ ಪಿಪಿಎಂ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 200 ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮ ಬೋರ್‌ವೆಲ್‌ನಲ್ಲಿ ಬಂದದ್ದು 420. ಬೇಸಿಗೆಗೂ ಮಳೆಗಾಲಕ್ಕೂ ವ್ಯತ್ಯಾಸ ಇರುತ್ತದೆ, ಹಾಗಾಗಿ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ನೋಡಿ, ಜಾಸ್ತಿ ಬಂದ ಸಂಖ್ಯೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಜೊತೆಗೆ ಕಬ್ಬಿಣದ ಅಂಶವನ್ನೂ ನೋಡಿಸಿ. ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಮಾರನೇ ದಿನ ಕೆಂಪಗಾದರೆ ಕಬ್ಬಿಣ ಇದೆ ಅಂತ ಅರ್ಥ. ಅಂಥ ನೀರನ್ನು ಮೊದಲು ಕಬ್ಬಿಣದ ಫಿಲ್ಟರ್‌ಗೆ ಕೊಟ್ಟು ಆಮೇಲೆ ಸಾಫ್ಟ್‌ನರ್‌ಗೆ ಬಿಡಬೇಕು, ಇಲ್ಲದಿದ್ದರೆ ತುಕ್ಕು ಕಾಳುಗಳಿಗೆ ಮೆತ್ತಿಕೊಂಡು ಜಾಗ ಮುಚ್ಚಿಬಿಡುತ್ತದೆ.

ಹೆಜ್ಜೆ 2: ದಿನದ ಹೊರೆ

ಮನೆಯಲ್ಲಿ ನಾವು ನಾಲ್ಕು ಜನ. ಸ್ನಾನ, ಬಟ್ಟೆ, ಪಾತ್ರೆ, ಗೀಸರ್ ಎಲ್ಲ ಸೇರಿ ದಿನಕ್ಕೆ ಸುಮಾರು 600 ಲೀಟರ್. ಇದನ್ನು ಅಂದಾಜಿನ ಮೇಲೆ ಬಿಡಬೇಡಿ, ಸಾಫ್ಟ್‌ನರ್‌ಗೆ ಹೋಗುವ ಪೈಪಿಗೆ ಒಂದು ನೀರಿನ ಮೀಟರ್ ಹಾಕಿಸಿ. ಮುಂದಿನ ಎಲ್ಲ ಲೆಕ್ಕವೂ ಆ ಮೀಟರ್ ಮೇಲೆ ನಿಂತಿದೆ.

600 ಲೀಟರ್ × 420 ಮಿಲಿಗ್ರಾಂ = 252 ಗ್ರಾಂ. ಅಂದರೆ ದಿನಾ ಕಾಲು ಕೆಜಿ ಸುಣ್ಣದಷ್ಟು ಗಡಸುತನ ನಮ್ಮ ಪೈಪಿನಲ್ಲಿ ಹರಿಯುತ್ತಿತ್ತು. ಗೀಸರ್‌ನ ಕಾಯಿಲ್ ಯಾಕೆ ಹಾಗೆ ಬಿಳಿ ಕಟ್ಟುತ್ತಿತ್ತು ಅಂತ ಆಗ ಅರ್ಥವಾಯಿತು.

ಹೆಜ್ಜೆ 3: ರೆಸಿನ್ ಎಷ್ಟು ಹಿಡಿಯುತ್ತದೆ

ಒಂದು ಲೀಟರ್ ಹೊಸ ರೆಸಿನ್‌ನ ಒಟ್ಟು ಸಾಮರ್ಥ್ಯ ಸುಮಾರು 100 ಗ್ರಾಂ ಗಡಸುತನ. ಎಲ್ಲ ಜಾಗಗಳಲ್ಲೂ ಸೋಡಿಯಂ ತುಂಬಿದ್ದರೆ ಮಾತ್ರ ಅದು ಸಿಗೋದು. ಅಷ್ಟು ಪೂರ್ತಿಯಾಗಿ ಉಪ್ಪಿನಿಂದ ಮತ್ತೆ ತುಂಬಿಸೋಕೆ ವಿಪರೀತ ಉಪ್ಪು ಬೇಕು. ಹಾಗಾಗಿ ನಾವು ಅದರ ಒಂದು ಭಾಗವನ್ನಷ್ಟೇ ತುಂಬಿಸಿ ಬಳಸುತ್ತೇವೆ. ಎಷ್ಟು ಭಾಗ ಅನ್ನೋದನ್ನು ಉಪ್ಪು ತೀರ್ಮಾನ ಮಾಡುತ್ತದೆ.

ಒಂದು ಲೀಟರ್ ರೆಸಿನ್‌ಗೆ ಸುಮಾರು 100 ಗ್ರಾಂ ಉಪ್ಪು ಹಾಕಿದರೆ ಮುಂದಿನ ಸುತ್ತಿನಲ್ಲಿ ಅದು 46 ಗ್ರಾಂ ಗಡಸುತನ ಹಿಡಿಯುತ್ತದೆ. 160 ಗ್ರಾಂ ಹಾಕಿದರೆ 56 ಗ್ರಾಂ. 240 ಗ್ರಾಂ ಹಾಕಿದರೆ 69 ಗ್ರಾಂ. ಈ ಮೂರು ಸಾಲನ್ನು ಇನ್ನೊಮ್ಮೆ ಓದಿ. ಉಪ್ಪು ಎರಡೂವರೆ ಪಟ್ಟಾದರೂ ಸಿಕ್ಕಿದ್ದು ಒಂದೂವರೆ ಪಟ್ಟು ಮಾತ್ರ. ಮೊದಲು ಬಂದ ಉಪ್ಪು ಸುಲಭವಾಗಿ ಕೆಲಸ ಮಾಡುತ್ತದೆ. ಆಮೇಲೆ ಬಂದದ್ದಕ್ಕೆ ಖಾಲಿ ಮಾಡಿಸೋ ಜಾಗ ಕಡಿಮೆ, ಹಾಗಾಗಿ ಅದರಲ್ಲಿ ಬಹುಪಾಲು ಸುಮ್ನೆ ಮೋರಿಗೆ ಹೋಗುತ್ತದೆ.

ನಮ್ಮ ಮನೆಯಲ್ಲಿರೋದು 25 ಲೀಟರ್ ರೆಸಿನ್, ಅಂದರೆ ಒಂದು ಚೀಲ. ಅದನ್ನು ಎರಡು ರೀತಿ ನಡೆಸಬಹುದು.

ಮೊದಲ ರೀತಿ, 2.5 ಕೆಜಿ ಉಪ್ಪು. 25 × 46 = 1150 ಗ್ರಾಂ. ಅದನ್ನು 420ರ ನೀರಿಗೆ ಭಾಗಿಸಿದರೆ ಸುಮಾರು 2740 ಲೀಟರ್. ಅದರಲ್ಲಿ ಹತ್ತರ ಒಂದು ಭಾಗ ಕೈಯಲ್ಲಿಟ್ಟುಕೊಂಡರೆ 2460. ನಾನು 2400ಕ್ಕೆ ನಿಲ್ಲಿಸುತ್ತೇನೆ, ಅಂದರೆ ಸರಿಯಾಗಿ ನಾಲ್ಕು ದಿನ. ತಿಂಗಳಿಗೆ 19 ಕೆಜಿ ಉಪ್ಪು.

ಎರಡನೇ ರೀತಿ, 6 ಕೆಜಿ ಉಪ್ಪು. 25 × 69 = 1725 ಗ್ರಾಂ. ಹತ್ತರ ಒಂದು ಭಾಗ ಬಿಟ್ಟರೆ ಸುಮಾರು 3700 ಲೀಟರ್, ಆರು ದಿನ. ತಿಂಗಳಿಗೆ 30 ಕೆಜಿ ಉಪ್ಪು.

ಎರಡನೇದರಲ್ಲಿ ತಿಂಗಳಿಗೆ ಎರಡು ಮೂರು ಸಲ ಕೆಲಸ ಕಡಿಮೆ, ಆದರೆ 11 ಕೆಜಿ ಉಪ್ಪು ದಂಡ. ಮಾರುವವರಿಗೆ ಎರಡನೇ ಸಂಖ್ಯೆಯೇ ಪ್ರೀತಿ, ದೊಡ್ಡದಾಗಿ ಕಾಣುತ್ತಲ್ವಾ. ಮನೆಗೆ ಮೊದಲನೇದೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಬಲೆ ಇದೆ. ಹೊಸ ರೆಸಿನ್ ಫ್ಯಾಕ್ಟರಿಯಿಂದಲೇ ಸೋಡಿಯಂ ತುಂಬಿಕೊಂಡು ಬರುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ನೀರು ಹೆಚ್ಚುಕಡಿಮೆ ಎರಡು ಪಟ್ಟು ಬರುತ್ತದೆ. ಎರಡನೇ ಸುತ್ತಿನಲ್ಲಿ ಅರ್ಧಕ್ಕೆ ಇಳಿದಾಗ ‘ಕೆಟ್ಟುಹೋಯಿತು’ ಅಂತ ಗಾಬರಿ ಬೀಳಬೇಡಿ. ಮೂರನೇ ಸುತ್ತಿನಿಂದ ಸಿಗೋದು ನಿಜವಾದ ಸಂಖ್ಯೆ.

ಹೆಜ್ಜೆ 4: ಪಾತ್ರೆ ಮತ್ತು ಜೋಡಣೆ

25 ಲೀಟರ್ ರೆಸಿನ್‌ಗೆ 9 ಇಂಚು ಅಗಲ, 48 ಇಂಚು ಎತ್ತರದ ಫೈಬರ್ ಪಾತ್ರೆ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ರೆಸಿನ್ ಸುಮಾರು ಎರಡು ಅಡಿ ನಿಲ್ಲುತ್ತದೆ, ಮೇಲೆ ಒಂದೂವರೆ ಅಡಿ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ವ್ಯರ್ಥ ಅಂತ ಇನ್ನಷ್ಟು ರೆಸಿನ್ ತುಂಬಬೇಡಿ. ಬ್ಯಾಕ್‌ವಾಶ್ ಮಾಡುವಾಗ, ಅಂದರೆ ನೀರನ್ನು ಕೆಳಗಿಂದ ಮೇಲಕ್ಕೆ ಹಾಯಿಸಿ ತೊಳೆಯುವಾಗ, ಕಾಳುಗಳು ಮೇಲೆದ್ದು ಕುಣಿಯೋಕೆ ಅಲ್ಲಿ ಜಾಗ ಬೇಕು.

ಪಾತ್ರೆಯ ನಡುವೆ ತಳದವರೆಗೆ ಒಂದು ಪೈಪ್ ಇರುತ್ತದೆ, ಅದಕ್ಕೆ ರೈಸರ್ ಅಂತಾರೆ. ಮೆತ್ತಗಾದ ನೀರು ತಳದ ಜಾಲರಿಯಿಂದ ಇದರೊಳಗೆ ಮೇಲೆ ಬರುತ್ತದೆ. ಈ ಪೈಪಿನ ತುದಿ ಪಾತ್ರೆಯ ಬಾಯಿಗೆ ಸಮವಾಗಿರಬೇಕು. ನಮ್ಮ ಮನೆಯಲ್ಲಿ ಪ್ಲಂಬರ್ ಅದನ್ನು ಅರ್ಧ ಇಂಚು ಗಿಡ್ಡ ಕತ್ತರಿಸಿದ್ದ. ವಾಲ್ವ್‌ನ ಓ-ರಿಂಗ್ ಪೈಪಿನ ಮೇಲೆ ಕೂರಲೇ ಇಲ್ಲ. ಮೇಲಿಂದ ಬಂದ ಗಡಸು ನೀರಿನಲ್ಲಿ ಸ್ವಲ್ಪ ರೆಸಿನ್ ಮುಟ್ಟದೆ ನೇರವಾಗಿ ಹೊರಗೆ ನುಸುಳುತ್ತಿತ್ತು. ಇದರ ಪರಿಣಾಮ ಆಮೇಲೆ ಹೇಳುತ್ತೇನೆ.

ರೆಸಿನ್ ಹಾಕುವಾಗ ರೈಸರ್ ಬಾಯಿಗೆ ಟೇಪ್ ಸುತ್ತಿ, ಪಾತ್ರೆಗೆ ಕಾಲು ಭಾಗ ನೀರು ತುಂಬಿ, ಆಮೇಲೆ ಲಾಳಿಕೆಯಲ್ಲಿ ಸುರಿಯಿರಿ. ಚೀಲದಲ್ಲಿ ರೆಸಿನ್ ತೇವವಾಗಿಯೇ ಇರಬೇಕು. ಒಣಗಿದ ಕಾಳನ್ನು ತಟ್ಟನೆ ನೀರಿಗೆ ಹಾಕಿದರೆ ಉಬ್ಬಿ ಬಿರುಕು ಬಿಡುತ್ತದೆ.

ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಸಾಫ್ಟ್‌ನರ್ ಕೂರಿಸುವವರು ಪಂಪಿನ ವೇಗ ನೋಡಲೇಬೇಕು. 25 ಲೀಟರ್ ರೆಸಿನ್‌ಗೆ ಗಂಟೆಗೆ 600 ಲೀಟರ್ ಆರಾಮ, 1000 ಲೀಟರ್ ಗಡಿ. ಪಂಪು ಅದಕ್ಕಿಂತ ಜೋರಾಗಿ ತಳ್ಳಿದರೆ ಅದಲು ಬದಲಿಗೆ ಸಮಯ ಸಾಲದೆ ಗಡಸುತನ ನುಸುಳುತ್ತದೆ. ಹೆಚ್ಚಿನ ನೀರು ಸಂಪ್‌ಗೇ ವಾಪಸ್ ಬೀಳುವ ಹಾಗೆ ಒಂದು ಕವಲು ಹಾಕಿಸಿದರೆ ಸಾಕು.

ಅಡುಗೆ ಮತ್ತು ಕುಡಿಯುವ ನಲ್ಲಿಯನ್ನು ಸಾಫ್ಟ್‌ನರ್‌ಗೆ ಮೊದಲೇ ಬೇರೆ ತೆಗೆದುಬಿಡಿ. 420 ಗಡಸುತನ ತೆಗೆದಾಗ ಲೀಟರಿಗೆ ಸುಮಾರು 190 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಮ್ಮ ಅಮ್ಮನಿಗೆ ಬಿಪಿ ಇದೆ, ಹಾಗಾಗಿ ಅವರು ಕುಡಿಯೋದು ಕಾವೇರಿ ನೀರು. ಆರ್‌ಒ ಇದ್ದರೆ ಅದು ಸೋಡಿಯಂ ಅನ್ನೂ ಬಹುಪಾಲು ತೆಗೆಯುತ್ತದೆ. ಸಾಫ್ಟ್‌ನರ್ ಮಾತ್ರ ಫ್ಲೋರೈಡ್, ನೈಟ್ರೇಟ್, ರೋಗಾಣು ಯಾವುದನ್ನೂ ತೆಗೆಯುವುದಿಲ್ಲ. ‘ಸಾಫ್ಟ್ ಆಗಿದೆ, ಕುಡೀಬಹುದು’ ಅನ್ನೋದು ತಪ್ಪು.

ಹೆಜ್ಜೆ 5: ರೀಜನರೇಷನ್

ಮೀಟರ್ 2400 ತೋರಿಸಿದ ದಿನ ರಾತ್ರಿ ಊಟ ಆದಮೇಲೆ ಶುರು ಮಾಡುತ್ತೇನೆ. ಒಟ್ಟು ಒಂದೂವರೆ ಗಂಟೆಯ ಕೆಲಸ, ಅದರಲ್ಲಿ ಕೈಕೆಲಸ ಹತ್ತು ನಿಮಿಷ. ಉಳಿದದ್ದು ಕಾಯೋದು.

ಮೊದಲು ಬ್ಯಾಕ್‌ವಾಶ್. ವಾಲ್ವ್ ಹಿಡಿಯನ್ನು ಬ್ಯಾಕ್‌ವಾಶ್‌ಗೆ ತಿರುಗಿಸಿದರೆ ನೀರು ತಳದಿಂದ ಮೇಲಕ್ಕೆ ಹರಿಯುತ್ತದೆ. ನಿಮಿಷಕ್ಕೆ 8ರಿಂದ 10 ಲೀಟರ್, ಹತ್ತು ನಿಮಿಷ. ಕಾಳುಗಳ ನಡುವೆ ಸಿಕ್ಕಿಕೊಂಡ ಮಣ್ಣು ಹೊರಗೆ ಹೋಗುತ್ತದೆ, ಅದುಮಿಕೊಂಡ ರೆಸಿನ್ ಸಡಿಲವಾಗುತ್ತದೆ. ಇದನ್ನು ತಪ್ಪಿಸಿದರೆ ನೀರು ರೆಸಿನ್ ನಡುವೆ ಇಲಿಬಿಲದ ಹಾಗೆ ದಾರಿ ಮಾಡಿಕೊಂಡು ಅಲ್ಲೇ ಹರಿಯುತ್ತದೆ, ಬ್ರೈನ್ ಕೂಡ ಅದೇ ದಾರಿ ಹಿಡಿಯುತ್ತದೆ. ಹೊರಗೆ ಬರುವ ನೀರಿಗೆ ಬಿಳಿ ಬಟ್ಟೆ ಹಿಡಿದು ನೋಡಿ. ಕಾಳು ಬಿದ್ದರೆ ವೇಗ ಜಾಸ್ತಿಯಾಗಿದೆ, ತಗ್ಗಿಸಿ. ಈ 80–100 ಲೀಟರ್‌ಗೆ ಇನ್ನೂ ಉಪ್ಪು ಮುಟ್ಟಿಲ್ಲ, ಗಿಡಕ್ಕೆ ಹಾಕಬಹುದು.

ಆಮೇಲೆ ಬ್ರೈನ್. 2.5 ಕೆಜಿ ಉಪ್ಪನ್ನು 8 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ಹಾಕಿ. ಇದು ಸುಮಾರು 24% ಗಟ್ಟಿ ಇರುತ್ತದೆ. ವಾಲ್ವ್‌ನೊಳಗಿನ ಎಜೆಕ್ಟರ್ ಇದನ್ನು ಹೀರಿಕೊಂಡು, ಹರಿಯುವ ನೀರಿನ ಜೊತೆ ಬೆರೆಸಿ 10%ಗೆ ಇಳಿಸಿ ರೆಸಿನ್‌ಗೆ ಕೊಡುತ್ತದೆ. ಎಲ್ಲ ಸೇರಿ ಸುಮಾರು 23 ಲೀಟರ್ ಬ್ರೈನ್ ಅರ್ಧ ಗಂಟೆಯಲ್ಲಿ ಹಾದುಹೋಗಬೇಕು.

ಇಡೀ ರೀಜನರೇಷನ್‌ನಲ್ಲಿ ಜೀವ ಇರೋದು ಈ ಅರ್ಧ ಗಂಟೆಯಲ್ಲಿ. ಅವಸರಕ್ಕೆ ಹತ್ತು ನಿಮಿಷದಲ್ಲಿ ಮುಗಿಸಿದರೆ ಉಪ್ಪು ಕಾಳಿನ ಒಳಗೆ ಇಳಿಯೋ ಮೊದಲೇ ಮೋರಿ ಸೇರುತ್ತದೆ. ನೋಡೋ ರೀತಿ ಸುಲಭ: ಬಕೆಟ್ಟಿನ ಒಳಗೆ ದ್ರಾವಣದ ಅರ್ಧ ಮಟ್ಟಕ್ಕೆ ಒಂದು ಗೆರೆ ಹಾಕಿಡಿ. ಹದಿನೈದು ನಿಮಿಷಕ್ಕೆ ದ್ರಾವಣ ಆ ಗೆರೆಗೆ ಇಳಿಯಬೇಕು. ಮೋರಿಗೆ ಬೀಳುವ ನೀರಿಗೆ ಒಂದು ಲೀಟರ್ ಜಗ್ ಹಿಡಿದರೆ ಅದು ಸುಮಾರು ಒಂದೂಕಾಲು ನಿಮಿಷಕ್ಕೆ ತುಂಬಬೇಕು. ಬಕೆಟ್ಟಿನ ಮಟ್ಟ ಇಳಿಯದೆ ಮೋರಿಗೆ ನೀರು ಮಾತ್ರ ಬೀಳುತ್ತಿದ್ದರೆ ಎಜೆಕ್ಟರ್ ಹೀರುತ್ತಿಲ್ಲ ಅಂತ ತಿಳಿಯಿರಿ.

ಉಪ್ಪಿನ ಬಗ್ಗೆ ಎರಡು ಮಾತು. ಅಯೋಡಿನ್ ಹಾಕಿದ ಪುಡಿ ಉಪ್ಪು ಬೇಕಿಲ್ಲ, ದುಬಾರಿ, ಜೊತೆಗೆ ಅದರಲ್ಲಿ ಗಂಟು ಕಟ್ಟದಿರಲಿ ಅಂತ ಬೇರೆ ಪುಡಿ ಸೇರಿಸಿರುತ್ತಾರೆ. ಸಂತೆಯ ಕಲ್ಲುಪ್ಪು ಅಗ್ಗ, ಆದರೆ ತೊಳೆಯದ ಕಲ್ಲುಪ್ಪಿನಲ್ಲಿ ಮಣ್ಣೂ ಇರುತ್ತದೆ, ಕ್ಯಾಲ್ಸಿಯಂ ಮೆಗ್ನೀಷಿಯಂ ಕೂಡ ಇರುತ್ತದೆ. ಯಾವುದನ್ನು ಕಿತ್ತು ಹಾಕಬೇಕೋ ಅದನ್ನೇ ಮತ್ತೆ ತುಂಬಿದ ಹಾಗೆ. ತೊಳೆದ, ಬೆಳ್ಳಗಿನ ಹರಳುಪ್ಪು ಅಥವಾ ಸಾಫ್ಟ್‌ನರ್‌ಗೆಂದೇ ಬರುವ ಉಪ್ಪಿನ ಗುಳಿಗೆ ತೆಗೆದುಕೊಳ್ಳಿ.

ಬ್ರೈನ್ ಮುಗಿದ ಕೂಡಲೇ ವಾಲ್ವ್ ತಿರುಗಿಸಬೇಡಿ. ಬಕೆಟ್ಟಿನ ಪೈಪ್ ಮುಚ್ಚಿ, ಅದೇ ನಿಧಾನದ ವೇಗದಲ್ಲಿ ಬರೀ ನೀರನ್ನು ಇನ್ನೊಂದು ಅರ್ಧ ಗಂಟೆ ಬಿಡಿ. ಪಾತ್ರೆಯೊಳಗೆ ಇನ್ನೂ ಇರುವ ಬ್ರೈನ್ ಕೆಳಗಿನ ಕಾಳುಗಳವರೆಗೆ ತಲುಪೋದು ಈ ಹೊತ್ತಿನಲ್ಲಿ.

ಕೊನೆಗೆ ಜೋರು ತೊಳೆತ, ನಿಮಿಷಕ್ಕೆ 10 ಲೀಟರಿನಂತೆ ಸುಮಾರು ಹತ್ತು ನಿಮಿಷ. ಇಲ್ಲಿ ಟಿಡಿಎಸ್ ಮೀಟರ್ ಕೆಲಸಕ್ಕೆ ಬರುತ್ತದೆ. ಹೊರಗೆ ಬರುವ ನೀರಿನ ಟಿಡಿಎಸ್ ಬೋರ್‌ವೆಲ್ ನೀರಿನ ಹತ್ತಿರಕ್ಕೆ ಇಳಿದರೆ ಉಪ್ಪು ಹೋಗಿದೆ ಅಂತ. ಆಮೇಲೆ ಗಡಸುತನದ ಕಿಟ್‌ನಲ್ಲಿ ಒಮ್ಮೆ ನೋಡಿ, 10ರ ಒಳಗಿದ್ದರೆ ವಾಲ್ವ್ ಅನ್ನು ಸರ್ವಿಸ್‌ಗೆ ತಿರುಗಿಸಿ.

ಒಂದು ಸುತ್ತಿಗೆ ಎಲ್ಲ ಸೇರಿ ಸುಮಾರು 230 ಲೀಟರ್ ನೀರು ಹೋಗುತ್ತದೆ, ಹತ್ತಿರ ಹತ್ತರಲ್ಲಿ ಒಂದು ಭಾಗ. ಬ್ರೈನ್ ಮತ್ತು ಅದರ ನಂತರದ ತೊಳೆತದ ನೀರನ್ನು ಒಳಚರಂಡಿಗೇ ಬಿಡಿ. ಗಿಡಕ್ಕೆ ಬೇಡ, ಮಳೆನೀರು ಇಂಗುಗುಂಡಿಗೆ ಅಂತೂ ಬೇಡವೇ ಬೇಡ. ನಿಮ್ಮ ಬೋರ್‌ವೆಲ್‌ಗೆ ನೀವೇ ಉಪ್ಪು ಸುರಿದಂತೆ.

ಹೆಜ್ಜೆ 6: ನಿಮ್ಮ ಮೆಷಿನ್ನಿನ ನಿಜವಾದ ಸಂಖ್ಯೆ ಹುಡುಕಿ

ಲೆಕ್ಕ ಕಾಗದದ ಮೇಲಿನದು. ಮೂರನೇ ಸುತ್ತಿನಲ್ಲಿ ಒಮ್ಮೆ ಪರೀಕ್ಷೆ ಮಾಡಿ. 2000 ಲೀಟರ್ ದಾಟಿದ ಮೇಲೆ ಪ್ರತಿ 100 ಲೀಟರಿಗೆ ಒಂದು ಸಲ ಗಡಸುತನ ನೋಡುತ್ತಾ ಹೋಗಿ. ನಮ್ಮಲ್ಲಿ 2400ರವರೆಗೆ 6–8 ಇತ್ತು. 2500ಕ್ಕೆ 12. 2600ಕ್ಕೆ 30. 2700ಕ್ಕೆ 85. ನೋಡಿ, ನಿಧಾನಕ್ಕೆ ಏರೋದಲ್ಲ, ಒಂದು ಹಂತ ದಾಟಿದ ಮೇಲೆ ಜಿಗಿಯುತ್ತದೆ. ಮನೆಗೆ 30 ಏನೂ ದೊಡ್ಡದಲ್ಲ, ಬಾಯ್ಲರ್‌ಗೆ ಅದು ಅಪಾಯ. ನಮ್ಮ ನಿಜವಾದ ಸಂಖ್ಯೆ 2600 ಅಂತ ಆಯಿತು, 2400ಕ್ಕೆ ನಿಲ್ಲಿಸೋದು ಸರಿಯಾಗಿದೆ ಅಂತ ಗೊತ್ತಾಯಿತು.

ಸ್ನಾನದ ನೀರು ತೀರಾ ಮೆತ್ತಗಾದರೆ ಸೋಪು ಹೋಗಲೇ ಇಲ್ಲ ಅನ್ನೋ ಹಾಗೆ ಮೈ ಜಾರುತ್ತದೆ. ನಮ್ಮ ಅಮ್ಮನಿಗೆ ಅದು ಸರಿಹೋಗಲಿಲ್ಲ. ಬೈಪಾಸ್ ವಾಲ್ವ್ ಸ್ವಲ್ಪ ತೆರೆದು, ಟ್ಯಾಂಕಿನ ನೀರು 80ರ ಹತ್ತಿರ ಇರುವ ಹಾಗೆ ಬೆರೆಸಿದೆ. ಐದರಲ್ಲಿ ಸುಮಾರು ಒಂದು ಭಾಗ ನೀರು ರೆಸಿನ್ ಮುಟ್ಟದೆ ಹೋಗೋದರಿಂದ ಉಪ್ಪೂ ಅಷ್ಟು ಉಳಿಯಿತು.

ಏನಾದರೂ ಕೆಟ್ಟರೆ

ಗಿಡ್ಡ ಕತ್ತರಿಸಿದ ರೈಸರ್ ಪೈಪಿನ ಕಥೆ ಇಲ್ಲಿಗೆ ಸೇರಬೇಕು. ಹೊಸದರಲ್ಲಿ ನಮ್ಮ ಸಾಫ್ಟ್‌ನರ್‌ನಿಂದ ಮೊದಲ ಲೀಟರಿನಿಂದಲೇ 70–80 ಗಡಸುತನ ಬರುತ್ತಿತ್ತು. ಉಪ್ಪು ಸಾಲದು ಅಂತ 4 ಕೆಜಿ ಹಾಕಿದೆ, ಆಮೇಲೆ 6 ಕೆಜಿ ಹಾಕಿದೆ. ಏನೂ ಬದಲಾಗಲಿಲ್ಲ. ಅಲ್ಲೇ ಸುಳಿವು ಇತ್ತು, ನಾನು ತಡವಾಗಿ ಹಿಡಿದೆ. ಉಪ್ಪು ಜಾಸ್ತಿ ಮಾಡಿದರೂ ಗಡಸುತನ ಇಳಿಯದೆ, ಸುತ್ತಿನ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಇದ್ದರೆ ತೊಂದರೆ ರೆಸಿನ್‌ನಲ್ಲಿ ಇಲ್ಲ, ಎಲ್ಲೋ ಗಡಸು ನೀರು ನೇರವಾಗಿ ಬೆರೆಯುತ್ತಿದೆ. ಮೊದಲು ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿ ನೋಡಿ. ಆಮೇಲೂ ಹಾಗೇ ಇದ್ದರೆ ವಾಲ್ವ್ ತಲೆ ಬಿಚ್ಚಿ ರೈಸರ್ ಮತ್ತು ಓ-ರಿಂಗ್ ನೋಡಿ. ನನ್ನದು ಹೊಸ ಪೈಪ್ ಹಾಕಿದ ದಿನವೇ ಸರಿಹೋಯಿತು.

ಶುರುವಿನಲ್ಲಿ ಚೆನ್ನಾಗಿದ್ದು, ಬೇಗ ಮುಗಿದುಹೋಗುತ್ತಿದ್ದರೆ ಅದು ಬೇರೆ ಕಥೆ. ಈ ಸಲವಷ್ಟೇ ಹಾಗಾದರೆ ಬ್ರೈನ್ ಪೂರ್ತಿ ಹೋಗಿಲ್ಲ. ಎಜೆಕ್ಟರ್ ಬಿಚ್ಚಿ ಅದರ ಸಣ್ಣ ತೂತು ಮತ್ತು ಜಾಲರಿ ತೊಳೆಯಿರಿ, ಹೀರುವ ಪೈಪಿನ ಜಾಯಿಂಟ್‌ನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿ. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಬ್ರೈನ್‌ನ ಅಳತೆಯೇ ತಪ್ಪುತ್ತದೆ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತಿದ್ದರೆ ಒಂದು ಹಿಡಿ ರೆಸಿನ್ ಹೊರತೆಗೆದು ನೋಡಿ. ಕಾಳು ಗಾಢ ಕಂದು ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ಮೆತ್ತಿದೆ. ಬೆರಳಲ್ಲಿ ಒತ್ತಿದರೆ ಜಜ್ಜಿಹೋದರೆ ಕ್ಲೋರಿನ್ ತಿಂದಿದೆ, ಅಂಥ ರೆಸಿನ್ ಮತ್ತೆ ಸರಿಹೋಗುವುದಿಲ್ಲ. ಬೋರ್‌ವೆಲ್‌ಗೆ ಆಗಾಗ ಬ್ಲೀಚಿಂಗ್ ಪುಡಿ ಹಾಕುವವರು ಇದನ್ನು ನೆನಪಿಡಿ.

ನಲ್ಲಿಯಲ್ಲಿ ಕಾಳು ಬಂದರೆ ತಳದ ಜಾಲರಿ ಒಡೆದಿದೆ, ತಕ್ಷಣ ನಿಲ್ಲಿಸಿ.

ಅದೇ ನೀರು ಬಾಯ್ಲರ್‌ಗೆ ಹೋದರೆ

ಗಂಟೆಗೆ 300 ಕೆಜಿ ಹಬೆ ಕೊಡುವ ಸಣ್ಣ ಬಾಯ್ಲರ್, ದಿನಕ್ಕೆ ಎಂಟು ಗಂಟೆ ಓಡುತ್ತದೆ, ಹಬೆಯ ನೀರು ವಾಪಸ್ ಬರುವುದಿಲ್ಲ ಅಂದುಕೊಳ್ಳಿ. ಒಂದು ಲಾಂಡ್ರಿಯಲ್ಲಿ ಇಂಥದ್ದನ್ನು ನೋಡಿಕೊಂಡಿದ್ದೆ. ಹಬೆಗೆ ದಿನಕ್ಕೆ 2400 ಲೀಟರ್ ಬೇಕು. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ.

ಸಾಫ್ಟ್‌ನರ್ ಗಡಸುತನ ತೆಗೆದರೂ ಟಿಡಿಎಸ್ ಹಾಗೇ ಉಳಿಯುತ್ತದಲ್ಲ. ಹಬೆ ಹಾರಿಹೋಗುತ್ತದೆ, ಕರಗಿದ್ದೆಲ್ಲ ಬಾಯ್ಲರ್‌ನೊಳಗೇ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೆ ಬ್ಲೋಡೌನ್ ಮಾಡಿ ಸ್ವಲ್ಪ ನೀರು ಹೊರಗೆ ಬಿಡಬೇಕು. ಒಳಗೆ ಬರುವ ನೀರಿನ ಟಿಡಿಎಸ್ 700, ಬಾಯ್ಲರ್‌ನೊಳಗೆ 3500ಕ್ಕಿಂತ ಜಾಸ್ತಿ ಬಿಡಬಾರದು ಅಂದರೆ, 3500ರಲ್ಲಿ 700 ಕಳೆದರೆ 2800, 700 ಅನ್ನು ಆ 2800ರಿಂದ ಭಾಗಿಸಿ: ಹಬೆಯ ಕಾಲು ಭಾಗದಷ್ಟು ಬ್ಲೋಡೌನ್. ಹಾಗಾಗಿ ದಿನಕ್ಕೆ 3000 ಲೀಟರ್ ಮೆತ್ತನೆ ನೀರು ಬೇಕು, ಗಡಸುತನದ ಹೊರೆ 1260 ಗ್ರಾಂ.

ಬಾಯ್ಲರ್‌ಗೆ ನೀರಿನ ಗಡಸುತನ 5ರ ಒಳಗೆ ಬೇಕು. ಕೊಳವೆಯ ಮೇಲೆ ಗಸಿ ಕಟ್ಟಿದರೆ ಶಾಖ ನೀರಿಗೆ ದಾಟದೆ ಕಬ್ಬಿಣವೇ ಕಾದು ಉಬ್ಬುತ್ತದೆ. ನುಸುಳುವ ಗಡಸುತನ ಕಡಿಮೆ ಮಾಡೋಕೆ ಇಲ್ಲಿ ಉಪ್ಪಿನ ಜಿಪುಣತನ ನಡೆಯುವುದಿಲ್ಲ. ಲೀಟರ್ ರೆಸಿನ್‌ಗೆ 160 ಗ್ರಾಂ ಹಾಕಿ, 56 ಗ್ರಾಂ ಸಾಮರ್ಥ್ಯ ಹಿಡಿದು, ಹತ್ತರ ಒಂದು ಭಾಗ ಕಳೆದರೆ 50. 1260 ಅನ್ನು 50ರಿಂದ ಭಾಗಿಸಿದರೆ 25 ಲೀಟರ್ ರೆಸಿನ್, ದಿನಾ ಸಂಜೆ 4 ಕೆಜಿ ಉಪ್ಪು.

ಲೆಕ್ಕಕ್ಕೆ ಸರಿಹೋಯಿತು, ಆದರೆ ನಾನು 25 ಲೀಟರ್ ಹಾಕಿಸುವುದಿಲ್ಲ. ಒಂದು ದಿನ ಬಟ್ಟೆ ಜಾಸ್ತಿ ಬಂದು ಬಾಯ್ಲರ್ ಇನ್ನೆರಡು ಗಂಟೆ ಓಡಿದರೆ ನೇರವಾಗಿ ಗಡಸು ನೀರು ಒಳಗೆ. 50 ಲೀಟರ್ ಹಾಕಿಸಿ, 8 ಕೆಜಿ ಉಪ್ಪಿನಲ್ಲಿ ಎರಡು ದಿನಕ್ಕೊಮ್ಮೆ ರೀಜನರೇಷನ್ ಮಾಡಿ. ಉಪ್ಪಿನ ಖರ್ಚು ಅಷ್ಟೇ, ಉಸಿರಾಡೋಕೆ ಜಾಗ ಸಿಗುತ್ತದೆ. ಹಗಲು ರಾತ್ರಿ ಓಡುವ ಬಾಯ್ಲರ್ ಆದರೆ ಎರಡು ಪಾತ್ರೆ ಬೇಕು, ಒಂದು ಕೆಲಸದಲ್ಲಿ, ಇನ್ನೊಂದು ಉಪ್ಪಿನಲ್ಲಿ.

ಮನೆಯಲ್ಲಿ ವಾರಕ್ಕೊಮ್ಮೆ ಗಡಸುತನ ನೋಡಿದರೆ ಸಾಕು. ಬಾಯ್ಲರ್‌ನಲ್ಲಿ ಬೆಂಕಿ ಹಾಕೋ ಮೊದಲು ಒಂದು ಸಲ, ಮಧ್ಯಾಹ್ನ ಒಂದು ಸಲ ನೋಡಲೇಬೇಕು. ಇನ್ನೊಂದು ಸಂಗತಿ: ನೀರಿನಲ್ಲಿರುವ ಬೈಕಾರ್ಬೊನೇಟ್ ಅನ್ನು ಸಾಫ್ಟ್‌ನರ್ ಮುಟ್ಟುವುದಿಲ್ಲ. ಅದು ಬಾಯ್ಲರ್‌ನ ಬಿಸಿಗೆ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದು ಹಬೆಯ ಜೊತೆ ಹೋಗಿ ತಣಿದ ನೀರಿನಲ್ಲಿ ಕರಗಿ ಆಮ್ಲವಾಗಿ, ಆ ನೀರು ಹರಿಯುವ ಪೈಪುಗಳನ್ನು ಕೊರೆಯುತ್ತದೆ. ಸಾಫ್ಟ್‌ನರ್ ಚೆನ್ನಾಗಿದ್ದರೂ ಹಬೆಯ ಪೈಪಿನ ತಳ ತೂತು ಬೀಳುತ್ತಿದ್ದರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ.

ರೆಸಿನ್ ಯಾವಾಗ ಬದಲಿಸಬೇಕು

ವರ್ಷ ಎಣಿಸಿ ಬದಲಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಮೀಟರ್, ಗಡಸುತನ, ಉಪ್ಪಿನ ತೂಕ ಬರೆದಿಡಿ. ಸುತ್ತಿನ ಲೀಟರ್ ಇಳಿಯುತ್ತಾ ಬಂದಾಗ ಮೊದಲು ಬೋರ್‌ವೆಲ್‌ನ ಗಡಸುತನವೇ ಏರಿಲ್ಲ ತಾನೆ ಅಂತ ನೋಡಿ, ಬೇಸಿಗೆಯಲ್ಲಿ ಬಹಳ ಸಲ ಕಾರಣ ಅದೇ. ಅದು ಸರಿ ಇದ್ದರೆ ಪಾತ್ರೆ ತೆರೆದು ರೆಸಿನ್‌ನ ಎತ್ತರ ಅಳೆಯಿರಿ, ಬ್ಯಾಕ್‌ವಾಶ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹೋಗಿರಬಹುದು, ಕಡಿಮೆಯಾದಷ್ಟು ತುಂಬಿದರೆ ಸಾಕು. ಎತ್ತರವೂ ಸರಿ ಇದ್ದರೆ ಒಂದು ಸಲ 6 ಕೆಜಿ ಉಪ್ಪು ಹಾಕಿ, ಬ್ರೈನ್ ಅನ್ನು ಒಂದು ಗಂಟೆಯಷ್ಟು ನಿಧಾನವಾಗಿ ಬಿಟ್ಟು ನೋಡಿ. ಮುಂದಿನ ಸುತ್ತು 3500 ಲೀಟರ್ ಹತ್ತಿರ ಬಂದರೆ ರೆಸಿನ್ ಗಟ್ಟಿಮುಟ್ಟಾಗಿದೆ, ಇಷ್ಟು ದಿನ ಉಪ್ಪು ಸರಿಯಾಗಿ ತಲುಪುತ್ತಿರಲಿಲ್ಲ ಅಷ್ಟೇ. 6 ಕೆಜಿ ಹಾಕಿಯೂ 2000 ದಾಟದಿದ್ದರೆ ಹೊಸ ಚೀಲ ತನ್ನಿ.